ಬಾಂಡ್ ಕೊಂಡಾಗ ಜಾಸ್ತಿ ಕಟ್ಟಿದ ಆ ₹1,934 ಎಲ್ಲಿ ಹೋಯಿತು?

ಆರ್‌ಬಿಐ ರಿಟೇಲ್ ಡೈರೆಕ್ಟ್ ಖಾತೆ ತೆರೆದು, ಮೊದಲ ಸಲ ಬೇರೆಯವರ ಕೈಯಿಂದ ಸರ್ಕಾರಿ ಬಾಂಡ್ ಕೊಳ್ಳುವವರಿಗೆ ಒಂದು ಗಾಬರಿ ಕಾದಿರುತ್ತದೆ. ತೆರೆ ಮೇಲೆ ಕಂಡ ಬೆಲೆ ಒಂದು, ಖಾತೆಯಿಂದ ಹೋದ ದುಡ್ಡು ಇನ್ನೊಂದು. ಬ್ರೋಕರೇಜ್ ಇರಬೇಕು ಎಂದುಕೊಂಡರೆ, ರಿಟೇಲ್ ಡೈರೆಕ್ಟ್‌ನಲ್ಲಿ ಅದೂ ಇಲ್ಲ. ಹಾಗಾದರೆ ಮಿಕ್ಕ ದುಡ್ಡು ಯಾರ ಜೇಬಿಗೆ ಹೋಯಿತು? ಮಾರಿದವರ ಜೇಬಿಗೆ. ಅದೂ ನ್ಯಾಯವಾಗಿಯೇ.

ಒಂದು ನಿಜವಾದ ಬಾಂಡ್ ಹಿಡಿದೇ ಲೆಕ್ಕ ಮಾಡೋಣ. ಕೇಂದ್ರ ಸರ್ಕಾರದ 7.18% GS 2033. ಇದು 2033ರ ಆಗಸ್ಟ್ 14ಕ್ಕೆ ಮುಗಿಯುತ್ತದೆ. ವರ್ಷಕ್ಕೆ ಎರಡು ಸಲ, ಫೆಬ್ರವರಿ 14 ಮತ್ತು ಆಗಸ್ಟ್ 14ಕ್ಕೆ ಬಡ್ಡಿ ಬರುತ್ತದೆ. ಈ ಬಡ್ಡಿಯ ಕಂತಿಗೆ ಕೂಪನ್ ಎನ್ನುತ್ತಾರೆ. ₹1,00,000 ಮುಖಬೆಲೆಗೆ ಒಂದು ಕೂಪನ್ ₹3,590.

ನೀವು 2025ರ ನವೆಂಬರ್ 20, ಗುರುವಾರ, ₹1,00,000 ಮುಖಬೆಲೆಯಷ್ಟು ಕೊಂಡಿರಿ ಎಂದಿಟ್ಟುಕೊಳ್ಳಿ. ಬೆಲೆಯನ್ನು ಲೆಕ್ಕದ ಸಲುವಾಗಿ 103 ಎಂದುಕೊಳ್ಳೋಣ. ಅಂದರೆ ₹100 ಮುಖಬೆಲೆಗೆ ₹103. ಹೀಗೆ ತೆರೆ ಮೇಲೆ ಕಾಣುವ, ಬಡ್ಡಿ ಸೇರಿಸದ ಬೆಲೆಯೇ ಕ್ಲೀನ್ ಪ್ರೈಸ್.

ಈಗ ಮಾರುವವರ ಕಡೆಯಿಂದ ನೋಡಿ. ಆಗಸ್ಟ್ 14ರ ಕೂಪನ್ ಅವರಿಗೆ ಬಂದಿದೆ. ಆಮೇಲೆ ಮೂರು ತಿಂಗಳಿಗೂ ಜಾಸ್ತಿ ಬಾಂಡ್ ಅವರ ಬಳಿಯೇ ಇತ್ತು. ಆ ದಿನಗಳ ಬಡ್ಡಿ ಅವರದ್ದು. ಆದರೆ ಸರ್ಕಾರ ದಿನ ಲೆಕ್ಕ ಹಾಕಿ ಇಬ್ಬರಿಗೂ ಹಂಚುತ್ತಾ ಕೂರುವುದಿಲ್ಲ. ಫೆಬ್ರವರಿ 14ರ ಪೂರ್ತಿ ₹3,590 ಆಗ ಬಾಂಡ್ ಇಟ್ಟುಕೊಂಡಿರುವ ನಿಮಗೇ ಬರುತ್ತದೆ. ಬಾಡಿಗೆದಾರರಿರುವ ಮನೆಯನ್ನು ತಿಂಗಳ ನಡುವೆ ಮಾರಿದ ಹಾಗೆ ಇದು. ತಿಂಗಳ ಕೊನೆಗೆ ಬಾಡಿಗೆಯೆಲ್ಲ ಹೊಸ ಮಾಲೀಕರ ಕೈ ಸೇರುತ್ತದೆ, ಹಳಬರ ಪಾಲನ್ನು ಮೊದಲೇ ಚುಕ್ತಾ ಮಾಡಬೇಕು. ಹಾಗೆ ಮೊದಲೇ ಕೊಡುವ ಪಾಲಿಗೆ ಬಿಲ್ಲಿನಲ್ಲಿ ಅಕ್ರೂಡ್ ಇಂಟರೆಸ್ಟ್ ಎಂದಿರುತ್ತದೆ. ಇಲ್ಲಿ ಸುಮ್ನೆ ಕೂಡಿದ ಬಡ್ಡಿ ಅನ್ನೋಣ.

ಮೊದಲು ದಿನ ಎಣಿಸಿ

ತಪ್ಪು ಆಗುವುದೆಲ್ಲ ಹೆಚ್ಚಾಗಿ ಇಲ್ಲೇ. ಎಣಿಕೆ ಶುರುವಾಗುವುದು ಹಿಂದಿನ ಕೂಪನ್ ದಿನದಿಂದ, ಅಂದರೆ ಆಗಸ್ಟ್ 14ರಿಂದ. ನಿಲ್ಲುವುದು ಎಲ್ಲಿ? ನೀವು ಬಟನ್ ಒತ್ತಿದ ದಿನಕ್ಕಲ್ಲ, ದುಡ್ಡು ಮತ್ತು ಬಾಂಡ್ ಕೈ ಬದಲಾಗುವ ದಿನಕ್ಕೆ. ಸರ್ಕಾರಿ ಬಾಂಡಿನಲ್ಲಿ ಅದು ವ್ಯವಹಾರದ ಮಾರನೆಯ ಕೆಲಸದ ದಿನ. ನಮ್ಮ ಲೆಕ್ಕದಲ್ಲಿ ನವೆಂಬರ್ 21, ಶುಕ್ರವಾರ.

ಎರಡನೆಯ ಮಾತು: ಇಲ್ಲಿ ಪ್ರತಿ ತಿಂಗಳಿಗೂ 30 ದಿನ, ವರ್ಷಕ್ಕೆ 360 ದಿನ. ಕ್ಯಾಲೆಂಡರ್ ಏನೇ ಹೇಳಲಿ. ಆಗಸ್ಟ್ 14ರಿಂದ ನವೆಂಬರ್ 14ಕ್ಕೆ ಮೂರು ತಿಂಗಳು, 90 ದಿನ. ಅಲ್ಲಿಂದ 21ಕ್ಕೆ ಇನ್ನು 7. ಒಟ್ಟು 97.

ಆಮೇಲೆ ಬಡ್ಡಿ ಕಟ್ಟಿ

₹100 ಮುಖಬೆಲೆಗೆ:

```
7.18 × 97 ÷ 360 = 1.9346
```

₹1,00,000ಕ್ಕೆ ಇದು ₹1,934.61. ಕೊನೆಯ ಸ್ಥಾನ ಎಲ್ಲಿ ಕತ್ತರಿಸುತ್ತಾರೆ ಎನ್ನುವುದರ ಮೇಲೆ ಒಂದು ಪೈಸೆ ಆಚೀಚೆ ಆಗಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗಮನಿಸಿ, ಬಡ್ಡಿ ಕಟ್ಟಿದ್ದು ಮುಖಬೆಲೆಯ ಮೇಲೆ, 103ರ ಮೇಲಲ್ಲ. ಮಾರುಕಟ್ಟೆ ಬೆಲೆ 95 ಆಗಿದ್ದರೂ ಕೂಡಿದ ಬಡ್ಡಿ ಇಷ್ಟೇ ಇರುತ್ತಿತ್ತು.

ಕ್ಯಾಲೆಂಡರ್ ನೋಡಿ ಎಣಿಸಿದ್ದರೆ 99 ದಿನ. 365ರಿಂದ ಭಾಗಿಸಿದರೆ ₹1,947.45 ಬರುತ್ತದೆ. ನಿಮ್ಮ ಲೆಕ್ಕಕ್ಕೂ ಬಿಲ್ಲಿಗೂ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ. ಇಲ್ಲವೇ ಒಂದು ದಿನ ಹೆಚ್ಚುಕಡಿಮೆ ಎಣಿಸಿರುತ್ತೀರಿ. ಈ ಬಾಂಡಿನಲ್ಲಿ ಲಕ್ಷಕ್ಕೆ ಒಂದು ದಿನದ ಬಡ್ಡಿ ₹19.94.

ಶುಕ್ರವಾರ ಕೊಂಡರಂತೂ ಜಾಸ್ತಿ ಗೊಂದಲ. ಚುಕ್ತಾ ಆಗುವುದು ಸೋಮವಾರ, ನವೆಂಬರ್ 24ಕ್ಕೆ. ಆಗ 100 ದಿನ, ₹1,994.44. ಶನಿವಾರ, ಭಾನುವಾರದ ಬಡ್ಡಿ ಮಾರುವವರಿಗೇ ಸೇರುತ್ತದೆ. ಇದರಲ್ಲಿ ಮೋಸವೇನಿಲ್ಲ, ಆ ಎರಡು ದಿನ ನಿಮ್ಮ ದುಡ್ಡೂ ಅವರ ಕೈ ಸೇರಿರುವುದಿಲ್ಲ ಅಲ್ವಾ.

ಎರಡನ್ನೂ ಕೂಡಿಸಿ

ಕ್ಲೀನ್ ಪ್ರೈಸ್ ಪ್ರಕಾರ ₹1,03,000. ಅದಕ್ಕೆ ₹1,934.61 ಸೇರಿದರೆ ₹1,04,934.61. ₹100ಕ್ಕೆ 104.9346. ಇದೇ ಡರ್ಟಿ ಪ್ರೈಸ್, ನಿಜವಾಗಿ ಕೈ ಬದಲಾಗುವ ದುಡ್ಡು. ಬಡ್ಡಿಗೆ ಬೇರೆ ಪಾವತಿ, ಬಾಂಡಿಗೆ ಬೇರೆ ಪಾವತಿ ಎಂದಿಲ್ಲ. ಒಂದೇ ಮೊತ್ತ. ನಡುವೆ ನಿಲ್ಲುವುದು ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ. ಬಾಂಡ್ ನಿಮ್ಮ ಕಡೆಗೂ ದುಡ್ಡು ಮಾರಿದವರ ಕಡೆಗೂ ಒಟ್ಟಿಗೇ ಸಾಗುವ ಹಾಗೆ ಅದು ನೋಡಿಕೊಳ್ಳುತ್ತದೆ. ಹಾಗಾಗಿ ಮಾರಿದವರು ಯಾರೆಂದು ನಿಮಗೆ ಗೊತ್ತಿರಬೇಕಾಗಿಯೂ ಇಲ್ಲ.

ಖಾತೆಯಲ್ಲಿ ದುಡ್ಡು ಇಡುವಾಗ ಕ್ಲೀನ್ ಪ್ರೈಸ್ ನೋಡಿಕೊಂಡು ಇಟ್ಟರೆ ಸಾಲದು. ಕೂಡಿದ ಬಡ್ಡಿಯೂ ಇರಲಿ.

ದುಡ್ಡು ವಾಪಸ್ ಬರುವುದು ಹೇಗೆ

ಫೆಬ್ರವರಿ 14ರ ಕೂಪನ್ ₹3,590. ಅದರಲ್ಲಿ ನೀವು ಮೊದಲೇ ಕೊಟ್ಟ ₹1,934.61 ಕಳೆಯಿರಿ, ಉಳಿದದ್ದು ₹1,655.39. ನವೆಂಬರ್ 21ರಿಂದ ಫೆಬ್ರವರಿ 14ಕ್ಕೆ ಅದೇ ಪದ್ಧತಿಯಲ್ಲಿ 83 ದಿನ. 7.18ನ್ನು 83ರಿಂದ ಗುಣಿಸಿ 360ರಿಂದ ಭಾಗಿಸಿ ನೋಡಿ, 1.6554 ಬರುತ್ತದೆ. ನಿಮ್ಮ ಬಳಿ ಬಾಂಡ್ ಇದ್ದ ದಿನಗಳಿಗೆ ಸರಿಯಾಗಿ ನಿಮ್ಮ ಬಡ್ಡಿ. ಅಂದ ಹಾಗೆ, 2026ರ ಫೆಬ್ರವರಿ 14 ಶನಿವಾರ. ಕೂಪನ್ ದಿನ ರಜೆಯಾದರೆ ದುಡ್ಡು ಮುಂದಿನ ಕೆಲಸದ ದಿನ ಬರುತ್ತದೆ, ತಡವಾದದ್ದಕ್ಕೆ ಹೆಚ್ಚುವರಿ ಬಡ್ಡಿ ಇಲ್ಲ.

ನಷ್ಟದ ಭ್ರಮೆ ಹುಟ್ಟುವುದು ಕೊಂಡ ಮಾರನೆಯ ದಿನ. ಹೂಡಿಕೆಯ ಪಟ್ಟಿಯಲ್ಲಿ ಕ್ಲೀನ್ ಪ್ರೈಸ್ ಲೆಕ್ಕದ ₹1,03,000 ಕಾಣುತ್ತದೆ. ಕಟ್ಟಿದ್ದು ₹1,04,934. ಒಂದೇ ದಿನಕ್ಕೆ ಸುಮಾರು ಎರಡು ಸಾವಿರ ಹೋಯಿತು ಎನಿಸುತ್ತದೆ, ಆದರೆ ಅದು ಕೂಪನ್‌ನಲ್ಲಿ ಬಂದೇ ಬರುವ ದುಡ್ಡು. ಯೋಚಿಸಬೇಕಾದ್ದು ಇನ್ನೊಂದರ ಬಗ್ಗೆ: 100ರ ಮೇಲಿನ ಆ ₹3,000. ಅದನ್ನು ಯಾರೂ ಹಾಗೇ ವಾಪಸ್ ಕೊಡುವುದಿಲ್ಲ. 2033ರಲ್ಲಿ ನಿಮಗೆ ಸಿಗುವುದು ಮುಖಬೆಲೆಯ ₹1,00,000 ಮಾತ್ರ. ಹಾಗಾಗಿ 103ಕ್ಕೆ ಕೊಂಡವರ ನಿಜವಾದ ಗಳಿಕೆ 7.18%ಗಿಂತ ಕಡಿಮೆ.

ಇಷ್ಟೆಲ್ಲ ಯಾಕೆ, ಒಟ್ಟು ಬೆಲೆಯನ್ನೇ ತೋರಿಸಿದರೆ ಆಗದೇ? ಡರ್ಟಿ ಪ್ರೈಸ್ ಮಾತ್ರ ನೋಡುತ್ತಿದ್ದರೆ, ಮಾರುಕಟ್ಟೆಯಲ್ಲಿ ಏನೂ ಆಗದಿದ್ದರೂ ಅದು ದಿನಕ್ಕೆ ಎರಡು ಪೈಸೆಯಂತೆ ಏರುತ್ತದೆ, ಕೂಪನ್ ದಿನ ದಿಢೀರನೆ ₹3.59 ಇಳಿಯುತ್ತದೆ. ಆ ಏರಿಳಿತದ ನಡುವೆ ಬಡ್ಡಿದರ ಬದಲಾಗಿ ಬೆಲೆ ಹತ್ತು ಪೈಸೆ ಕುಸಿದದ್ದು ಕಣ್ಣಿಗೆ ಬೀಳುವುದೇ ಇಲ್ಲ.

ನೀವು ನೋಡುತ್ತಿರುವುದು ಯಾವ ಬೆಲೆ ಎಂದು ಪತ್ತೆ ಮಾಡಲೂ ಇದೇ ಗುರುತು. ಸರ್ಕಾರಿ ಬಾಂಡುಗಳ ಮಾರುಕಟ್ಟೆಯಾದ NDS-OMನಲ್ಲಿ ಕ್ಲೀನ್ ಪ್ರೈಸ್ ಇರುತ್ತದೆ. ಆದರೆ ಬಾಂಡ್ ಮಾರುವ ಎಲ್ಲ ಆ್ಯಪುಗಳೂ ಹಾಗೆಯೇ ತೋರಿಸುತ್ತವೆ ಎಂದು ನಂಬಬೇಡಿ. ಹಿಂದಿನ ಒಂದು ವರ್ಷದ ಬೆಲೆಯ ಗೆರೆ ಗರಗಸದ ಹಲ್ಲಿನಂತೆ ಮೆಲ್ಲಗೆ ಏರಿ ತಟ್ಟನೆ ಬೀಳುತ್ತಿದ್ದರೆ, ಬಡ್ಡಿ ಅದರೊಳಗೇ ಇದೆ. ಅದರ ಮೇಲೆ ಮತ್ತೆ ಬಡ್ಡಿ ಸೇರಿಸಿ ಲೆಕ್ಕ ಹಾಕಬೇಡಿ.

ಮಾರುವವರಿಗೂ ಇದೇ ಲೆಕ್ಕ, ತಿರುವುಮುರುವಾಗಿ. ಕೂಪನ್ ಹತ್ತಿರ ಬಂತು, ಅದನ್ನು ಪಡೆದೇ ಮಾರೋಣ ಎಂದು ಕಾಯುವವರಿದ್ದಾರೆ. ಕಾಯಬೇಕಾಗಿಲ್ಲ. ಇವತ್ತಿನವರೆಗಿನ ಬಡ್ಡಿ ಕೊಳ್ಳುವವರಿಂದಲೇ ಸಿಗುತ್ತದೆ. ಕೂಪನ್ ದಿನಕ್ಕೆ ಮುಂಚಿನ ಒಂದು ದಿನ ಮಾತ್ರ ಆ ಬಾಂಡಿನ ಚುಕ್ತಾ ನಡೆಯುವುದಿಲ್ಲ. ದುಡ್ಡಿನ ಅವಸರ ಇದ್ದರೆ ಆ ದಿನವನ್ನು ಬಿಟ್ಟು ಮಾರಿ.