ಗ್ರೇಡಿಯೆಂಟ್ ಡಿಸೆಂಟ್‌ನಲ್ಲಿ ಹೆಜ್ಜೆ ಎಷ್ಟು ದೊಡ್ಡದಿರಬೇಕು?

ಒಂದು ಪೇಪರ್, ಒಂದು ಕ್ಯಾಲ್ಕುಲೇಟರ್ ತಗೊಳ್ಳಿ. ಈ ಫಂಕ್ಷನ್‌ನ ತಳ ಹುಡುಕೋಣ: `f = ½(x² + 25y²)`. ತಳ ಇರುವುದು (0, 0)ಯಲ್ಲಿ ಅಂತ ನಮಗೆ ಮೊದಲೇ ಗೊತ್ತು, ಹಾಗಾಗಿ ಗಮನವೆಲ್ಲ ನಡಿಗೆಯ ಮೇಲಿಡಬಹುದು. ಇದರ ಆಕಾರ ಉದ್ದನೆಯ ಕಿರಿದಾದ ಕಣಿವೆಯಂತೆ: x ಕಡೆಗೆ ಇಳಿಜಾರು ನಿಧಾನ, y ಕಡೆಗೆ ಕಡಿದು.

ಗ್ರೇಡಿಯೆಂಟ್ ಅಂದರೆ ನಿಂತ ಜಾಗದ ಇಳಿಜಾರು, ಇಲ್ಲಿ ಅದು x ಕಡೆಗೆ `x`, y ಕಡೆಗೆ `25y`. ಅದನ್ನು ಸ್ಟೆಪ್ ಸೈಜ್ `a`ಯಿಂದ ಗುಣಿಸಿ ಕಳೆಯುವುದೇ ಗ್ರೇಡಿಯೆಂಟ್ ಡಿಸೆಂಟ್‌ನ ಒಂದು ಹೆಜ್ಜೆ, ಹಾಗಾಗಿ ಪ್ರತಿ ಹೆಜ್ಜೆ ಇಷ್ಟೇ:

```
x = (1 - a) * x
y = (1 - 25*a) * y
```

ಅಂದರೆ ಪ್ರತಿ ಸಲ x, y ಎರಡೂ ತಮ್ಮ ತಮ್ಮ ಗುಣಕದಿಂದ ಗುಣಿಸಿಕೊಳ್ಳುತ್ತವೆ. ಗುಣಕ −1 ಮತ್ತು 1ರ ನಡುವೆ ಇದ್ದರೆ ಸಂಖ್ಯೆ ಸೊನ್ನೆಯತ್ತ ಕುಗ್ಗುತ್ತದೆ, ಇಲ್ಲದಿದ್ದರೆ ಇಲ್ಲ.

ಈಗ (10, 1)ರಿಂದ ಹೊರಡಿ, `a = 0.09` ಇಡಿ. f ಮೊದಲು 62.5 ಇತ್ತು. ಒಂದು ಹೆಜ್ಜೆ ಆದಮೇಲೆ 60.9. ಇಳೀತು, ಎಲ್ಲ ಸರಿಯಾಗಿದೆ ಅನ್ನಿಸುತ್ತೆ, ಅಲ್ವಾ? ಇನ್ನೊಂದು ಹೆಜ್ಜೆ ಇಡಿ: 64.8! y ಗುಣಕ −1.25 ಆಗಿರುವುದರಿಂದ y ಕಣಿವೆಯ ಈ ಗೋಡೆಯಿಂದ ಆ ಗೋಡೆಗೆ ಹಾರುತ್ತಾ ಪ್ರತಿ ಸಲ ಇನ್ನೂ ಮೇಲೆ ಹೋಗುತ್ತಿದೆ, ಮೊದಲ ಹೆಜ್ಜೆಯಲ್ಲಿ x ಇಳಿದದ್ದು ಅದನ್ನು ಮುಚ್ಚಿಟ್ಟಿತ್ತು ಅಷ್ಟೇ. ಅದಕ್ಕೇ ಒಂದೇ ಹೆಜ್ಜೆ ನೋಡಿ ನಂಬಬೇಡಿ, ಗ್ರೇಡಿಯೆಂಟ್‌ನ ಚಿಹ್ನೆ ಪ್ಲಸ್ ಮೈನಸ್ ಅಂತ ಬದಲಾಗುತ್ತಾ ಬೆಲೆ ಬೆಳೆಯುತ್ತಿದೆಯಾ ನೋಡಿ.

ಇಲ್ಲಿ `a`ಗೆ ಗಡಿ 2/25, ಅಂದರೆ 0.08. ಸರಿಯಾಗಿ ಅಲ್ಲೇ ನಿಂತರೆ y ಸುಮ್ನೆ 1, −1, 1 ಅಂತ ಓಲಾಡುತ್ತಲೇ ಇರುತ್ತದೆ.

ಇನ್ನು `a = 0.04` ಮಾಡಿ. y ಒಂದೇ ಹೆಜ್ಜೆಗೆ ಸೊನ್ನೆ! ಆದರೆ x ಗುಣಕ 0.96, ಅದು ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಯಲು 170 ಹೆಜ್ಜೆ ಬೇಕು. f ಮೊದಲು ಸರ್ರನೆ ಇಳಿದು ಆಮೇಲೆ ತೆವಳುತ್ತಿದ್ದರೆ ಕಾರಣ ಬಹುಶಃ ಇದೇ: ಕಡಿದಾದ ದಿಕ್ಕು ಮುಗಿದಿದೆ, ಚಪ್ಪಟೆ ದಿಕ್ಕು ಉಳಿದಿದೆ.

ಎಲ್ಲಕ್ಕಿಂತ ಒಳ್ಳೆಯ ಸ್ಥಿರ ಹೆಜ್ಜೆ 2/(1+25), ಸುಮಾರು 0.077. ಆಗ ಗುಣಕಗಳು 12/13 ಮತ್ತು −12/13, ಎರಡೂ ಒಂದೇ ವೇಗದಲ್ಲಿ ಕುಗ್ಗುತ್ತವೆ. ಆದರೂ ಸಾವಿರದಲ್ಲಿ ಒಂದು ಭಾಗಕ್ಕೆ ಇಳಿಯಲು 87 ಹೆಜ್ಜೆ ಬೇಕು. ಸ್ಥಿರ ಹೆಜ್ಜೆಯನ್ನು ಎಷ್ಟೇ ತಿದ್ದಿದರೂ ಇದಕ್ಕಿಂತ ಮುಂದೆ ಹೋಗುವುದಿಲ್ಲ, ಯಾಕೆಂದರೆ ತಡೆಯುತ್ತಿರುವುದು 25 ಮತ್ತು 1ರ ಅನುಪಾತ. ಇದನ್ನೇ ಕಂಡಿಷನ್ ನಂಬರ್ ಅನ್ನುವುದು.

ಹಾಗಾದರೆ ಅನುಪಾತವನ್ನೇ ಬದಲಿಸಿ. `z = 5y` ಅಂತ ಇಟ್ಟರೆ `f = ½(x² + z²)`, ಕಣಿವೆ ಹೋಗಿ ದುಂಡನೆಯ ಬಟ್ಟಲು ಆಯಿತು. ಈಗ `a = 1` ಇಟ್ಟು x, zನಲ್ಲಿ ಲೆಕ್ಕ ಮಾಡಿ: ಒಂದೇ ಹೆಜ್ಜೆ, ತಳ ಸಿಕ್ಕಿತು. 87 ಎಲ್ಲಿ, 1 ಎಲ್ಲಿ! ನನಗಂತೂ ಈ ಲೆಕ್ಕ ಪ್ರತಿ ಸಲ ಖುಷಿ ಕೊಡುತ್ತೆ.

ಒಂದು ಎಚ್ಚರ. `xy` ಪದವೂ ಇದ್ದರೆ ಕಣಿವೆ ಓರೆಯಾಗಿರುತ್ತದೆ. ಗಡಿಯ ಲೆಕ್ಕ ಆಗಲೂ ಅದೇ, 25ರ ಜಾಗದಲ್ಲಿ fನ ಎರಡನೇ ಡೆರಿವೇಟಿವ್‌ಗಳಿರುವ ಹೆಸಿಯನ್ ಮ್ಯಾಟ್ರಿಕ್ಸ್‌ನ ದೊಡ್ಡ ಐಗನ್‌ವ್ಯಾಲ್ಯೂ ಹಾಕಿದರಾಯಿತು. ಆದರೆ x, y ಬೇರೆ ಬೇರೆಯಾಗಿ ಸ್ಕೇಲ್ ಮಾಡಿದರೆ ಸಾಲುವುದಿಲ್ಲ, ಕಣಿವೆಯ ದಿಕ್ಕಿಗೇ ಅಕ್ಷಗಳನ್ನು ಮೊದಲು ತಿರುಗಿಸಿಕೊಳ್ಳಬೇಕು.