ಕಾಂಬೋ, ಸ್ಲ್ಯಾಬ್ ಡಿಸ್ಕೌಂಟ್: ಆರ್ಡರ್ ಮೊತ್ತ ಏರಿಸಿದ ನನ್ನ ಅನುಭವ

ನನ್ನದು ಚಿತ್ರ ಬರೆಯುವ ಸಾಮಾನು ಮಾರುವ ಚಿಕ್ಕ ಆನ್‌ಲೈನ್ ಅಂಗಡಿ. ಬಣ್ಣ, ಕುಂಚ, ಕಾಗದ, ಪೆನ್ಸಿಲ್. ಒಂದು ಪೆನ್ಸಿಲ್ ಡಬ್ಬಿ ಕಳಿಸಿದರೂ ಪ್ಯಾಕಿಂಗ್, ಕೊರಿಯರ್ ಖರ್ಚು ಬಂದೇ ಬರುತ್ತದೆ. ಹಾಗಾಗಿ ಪ್ರತಿ ಆರ್ಡರ್‌ನ ಮೊತ್ತ ಏರಬೇಕು ಅನ್ನೋದು ನನಗೆ ಮೊದಲಿನಿಂದಲೂ ಇದ್ದ ಗುರಿ. ಅದಕ್ಕೆ ಏನು ಮಾಡಿದೆ ಅಂತ ಬರೆಯುತ್ತೇನೆ. ಇಲ್ಲಿರುವ ಅಂಕಿಗಳು ಲೆಕ್ಕ ಸುಲಭ ಆಗಲಿ ಅಂತ ದುಂಡಗೆ ಮಾಡಿದವು.

ಮೊದಲು ಹಳೆಯ ಆರ್ಡರ್‌ಗಳನ್ನೆಲ್ಲ ಒಂದು ಶೀಟ್‌ಗೆ ಇಳಿಸಿಕೊಂಡೆ. ಒಂದು ಆರ್ಡರ್‌ಗೆ ಸರಾಸರಿ 900 ರೂಪಾಯಿ ಬಂತು. ಅದನ್ನು ನೋಡಿ 1000ಕ್ಕೆ ಡಿಸ್ಕೌಂಟ್ ಇಡೋಣ ಅನಿಸುತ್ತದೆ, ಅಲ್ವಾ? ಆದರೆ ಮೊತ್ತದ ಪ್ರಕಾರ ಸಾಲಾಗಿ ಜೋಡಿಸಿದಾಗ ಬೇರೆಯೇ ಚಿತ್ರ ಕಂಡಿತು. ಅರ್ಧಕ್ಕಿಂತ ಜಾಸ್ತಿ ಆರ್ಡರ್‌ಗಳು 500ರಿಂದ 700ರ ಒಳಗಿದ್ದವು. 5000ದ ಕೆಲವು ದೊಡ್ಡ ಆರ್ಡರ್‌ಗಳು ಸರಾಸರಿಯನ್ನು ಮೇಲಕ್ಕೆ ಎಳೆದಿದ್ದವು. 600ಕ್ಕೆ ಕೊಳ್ಳುವವರಿಗೆ 1000 ತುಂಬಾ ದೂರ. ಅವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನೊಂದು ಸಾಮಾನು ಸೇರಿಸಿದರೆ ಮುಟ್ಟುವಷ್ಟು ಹತ್ತಿರ ಇರಬೇಕು. ಅದಕ್ಕೇ ಮೊದಲ ಸ್ಲ್ಯಾಬ್ 800ಕ್ಕೆ ಇಟ್ಟೆ, ಅಂದರೆ ಆರ್ಡರ್ ಮೊತ್ತ 800 ಮುಟ್ಟಿದರೆ 5% ಡಿಸ್ಕೌಂಟ್.

ಇಡುವ ಮುಂಚೆ ಕೈಗೆ ಉಳಿಯುವುದೆಷ್ಟು ಅಂತ ಲೆಕ್ಕ ಹಾಕಿದೆ. ನನ್ನ ಸಾಮಾನಿನ ಅಸಲು ಮಾರುವ ಬೆಲೆಯ 60%. 600ರ ಆರ್ಡರ್‌ನಲ್ಲಿ ಅಸಲು 360, ಪ್ಯಾಕಿಂಗ್ ಮತ್ತು ಕೊರಿಯರ್ 80, ಉಳಿಯುವುದು 160. ಅದೇ ಗಿರಾಕಿ 800ಕ್ಕೆ ಏರಿದರೆ 5% ಕಳೆದು 760 ಕೊಡುತ್ತಾರೆ. ಅಸಲು 480, ಕಳಿಸುವ ಖರ್ಚು 90, ಉಳಿಯುವುದು 190. ಅಂದರೆ ಒಬ್ಬರು ಮೇಲೇರಿದರೆ ನನಗೆ ಸಿಗುವುದು 30.

ಈಗ ಇನ್ನೊಂದು ಕಡೆ ನೋಡಿ. ಡಿಸ್ಕೌಂಟ್ ಇಲ್ಲದೆಯೇ 850ಕ್ಕೆ ಕೊಳ್ಳುತ್ತಿದ್ದವರು ಇದ್ದಾರೆ. ಅವರಿಗೂ 5% ಹೋಗುತ್ತದೆ, ಹೆಚ್ಚು ಕಡಿಮೆ 42. ಅಂಥವರು ಐದು ಜನ ಇದ್ದರೆ, ಆ ನಷ್ಟ ತುಂಬಲು ಏಳು ಜನ ಹೊಸದಾಗಿ 800ಕ್ಕೆ ಏರಲೇಬೇಕು. ಈ ಲೆಕ್ಕ ಬಿಟ್ಟು ಬರೀ ಆರ್ಡರ್ ಮೊತ್ತ ನೋಡಿದರೆ, ಮೊತ್ತ ಏರುತ್ತಾ ಹೋಗುತ್ತದೆ, ಲಾಭ ಕರಗುತ್ತಾ ಹೋಗುತ್ತದೆ. 5000ದ ಆರ್ಡರ್‌ಗೆ 5% ಅಂದರೆ 250 ಸುಮ್ನೆ ಹೋದ ಹಾಗೆ. ಅದಕ್ಕೆ ಎಷ್ಟೇ ದೊಡ್ಡ ಆರ್ಡರ್ ಆದರೂ ಡಿಸ್ಕೌಂಟ್ 60 ದಾಟಬಾರದು ಅಂತ ಮಿತಿ ಹಾಕಿದೆ. ದೊಡ್ಡ ಆರ್ಡರ್‌ನವರ ಜೊತೆ ಬೇರೆಯಾಗಿಯೇ ಮಾತಾಡುತ್ತೇನೆ.

ಎರಡನೇ ಸ್ಲ್ಯಾಬ್ 1200ಕ್ಕೆ. ಅಲ್ಲಿ ಸಾಮಾನ್ಯವಾಗಿ 10% ಇಡುತ್ತಾರೆ. ನಾನು ಡಿಸ್ಕೌಂಟ್ ಏರಿಸಲಿಲ್ಲ, ಅದೇ 5% ಉಳಿಸಿ ಜೊತೆಗೆ ಬಣ್ಣ ಕಲಸುವ ಒಂದು ತಟ್ಟೆ ಕೊಟ್ಟೆ. ಅದನ್ನು ಮಾರುವುದು 100ಕ್ಕೆ, ನನಗೆ ಬೀಳುವುದು 40. 10% ಕೊಟ್ಟಿದ್ದರೆ 1200ರಲ್ಲಿ 120 ಹೋಗುತ್ತಿತ್ತು. ಈಗ 60 ಮತ್ತು 40, ಒಟ್ಟು 100 ಹೋಗುತ್ತದೆ. ಗಿರಾಕಿಗೆ ಸಿಕ್ಕಿದ್ದು ಮಾತ್ರ 160ರಷ್ಟು. ಕೊಡುಗೆಯ ಸಾಮಾನು ನಿಜಕ್ಕೂ ಬೇಕಾದದ್ದೇ ಆಗಿರಬೇಕು. ಬಣ್ಣ ಕೊಳ್ಳುವವರಿಗೆ ತಟ್ಟೆ ಬೇಕೇ ಬೇಕು, ಅದಕ್ಕೇ ಆರಿಸಿದ್ದು.

ಸ್ಲ್ಯಾಬ್ ಇದೆ ಅಂತ ಬ್ಯಾನರ್ ಹಾಕಿದರೆ ಸಾಲದು. ಕಾರ್ಟ್ ಪುಟದಲ್ಲಿ, ಮೊತ್ತದ ಕೆಳಗೇ, ‘ಇನ್ನು 140ರ ಸಾಮಾನು ಸೇರಿಸಿದರೆ 5% ಕಡಿತ’ ಅಂತ ಬರಬೇಕು. ಅದರ ಕೆಳಗೆ 140ರಿಂದ 200ರ ಒಳಗಿನ ಮೂರು ಸಾಮಾನು ಮಾತ್ರ ತೋರಿಸುತ್ತೇನೆ. ಆ ಕಾರ್ಟ್‌ನಲ್ಲಿ ಜಲವರ್ಣ ಇದ್ದರೆ ಜಲವರ್ಣದ ಕುಂಚ, ಇದ್ದಿಲಿದ್ದರೆ ರಬ್ಬರ್. ಸಿಕ್ಕಿದ್ದೆಲ್ಲ ತೋರಿಸಿದರೆ ಜನ ಹುಡುಕುತ್ತಾ ಹೋಗಿ ಕಾರ್ಟ್ ಮರೆತುಬಿಡುತ್ತಾರೆ.

ಇನ್ನು ಕಾಂಬೋ. ಒಟ್ಟಿಗೆ ಜಾಸ್ತಿ ಮಾರಾಟವಾಗುವ ಎರಡು ಸಾಮಾನು ಹುಡುಕಿ ಕಟ್ಟು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹೇಗಿದ್ದರೂ ಒಟ್ಟಿಗೆ ಕೊಳ್ಳುತ್ತಿದ್ದವರಿಗೆ ಬೆಲೆ ಇಳಿಸಿದರೆ ನನಗೇನು ಬಂತು? ನಾನು ಹುಡುಕಿದ್ದು ಬೇರೆ: ಒಂದು ಸಾಮಾನು ಕೊಂಡವರು ಸ್ವಲ್ಪ ದಿನದಲ್ಲೇ ವಾಪಸ್ ಬಂದು ಏನು ಕೊಳ್ಳುತ್ತಾರೆ? ಶೀಟನ್ನು ಗಿರಾಕಿ ಮತ್ತು ತಾರೀಖಿನ ಪ್ರಕಾರ ಜೋಡಿಸಿದರೆ ಇದು ಕಣ್ಣಿಗೆ ಬೀಳುತ್ತದೆ. ನನ್ನಲ್ಲಿ ಜಲವರ್ಣದ ಸೆಟ್ ಕೊಂಡವರು ಬೇಗನೆ ದಪ್ಪ ಕಾಗದಕ್ಕೆ ಬರುತ್ತಿದ್ದರು. ಮನೆಯಲ್ಲಿದ್ದ ತೆಳು ಕಾಗದ ನೀರಿಗೆ ಸುಕ್ಕುಗಟ್ಟಿದ ಮೇಲೆ ಕಾಗದದ ನೆನಪಾಗುತ್ತದೆ. ಇನ್ನು ಕೆಲವರು ಬೇಸರಪಟ್ಟು ಬರುವುದೇ ಇಲ್ಲ. ಆ ಎರಡನೇ ಆರ್ಡರ್ ಮೊದಲನೆಯದರ ಜೊತೆಗೇ ಬಂದರೆ ಒಂದು ಸಲದ ಕೊರಿಯರ್ ಉಳಿಯುತ್ತದೆ, ಅವರ ಮೊದಲ ಚಿತ್ರವೂ ಚೆನ್ನಾಗಿ ಬರುತ್ತದೆ.

ಹಾಗೆ ಹುಟ್ಟಿದ್ದು ಬಣ್ಣ 350, ಕಾಗದ 250, ಕುಂಚ 200, ಒಟ್ಟು 800ರ ಕಾಂಬೋ. ಬೆಲೆ 720. ಅಸಲು 480, ಕಳಿಸುವ ಖರ್ಚು 90 ಕಳೆದರೆ 150 ಉಳಿಯುತ್ತದೆ. ಬರೀ ಬಣ್ಣ ಕೊಂಡಿದ್ದರೆ ಉಳಿಯುತ್ತಿದ್ದದ್ದು 70. ಒಬ್ಬರು ಹೊಸದಾಗಿ ಕಾಂಬೋಗೆ ಬಂದರೆ 80 ಲಾಭ, ಮೂರನ್ನೂ ಹೇಗಿದ್ದರೂ ಕೊಂಡು ಸ್ಲ್ಯಾಬ್ ಕಡಿತ ಕಳೆದು 760 ಕೊಡುತ್ತಿದ್ದವರು ಬಂದರೆ 40 ಖೋತಾ. ಹಳೆ ಶೀಟ್‌ನಲ್ಲಿ ಮೂರನ್ನೂ ಒಟ್ಟಿಗೆ ಕೊಂಡವರು ತೀರಾ ವಿರಳ, ಅದಕ್ಕೇ ಧೈರ್ಯವಾಗಿ ಇಟ್ಟೆ. ಬಿಡಿ ಮಾರಾಟ ನಿಲ್ಲಿಸಲಿಲ್ಲ. ಬಿಡಿ ಬೆಲೆ ಪಕ್ಕದಲ್ಲಿದ್ದರೆ ತಾನೇ ಉಳಿತಾಯ ಕಾಣೋದು. ಹೋಗದ ಸರಕನ್ನು ಕಾಂಬೋ ಒಳಗೆ ತುರುಕುವುದನ್ನಂತೂ ನಾನು ಮಾಡುವುದಿಲ್ಲ. ಒಂದು ಬೇಡದ ಸಾಮಾನು ಸೇರಿದರೆ ಉಳಿದ ಎರಡರ ಬೆಲೆಯ ಮೇಲೂ ಅನುಮಾನ ಬರುತ್ತದೆ.

ಸ್ಲ್ಯಾಬ್, ಕಾಂಬೋ ಎರಡನ್ನೂ ಒಟ್ಟಿಗೆ ಇಟ್ಟಾಗ ಕೆಲವು ನಿಯಮ ಬೇಕು. ಕಾಂಬೋ ಬೆಲೆ ಸ್ಲ್ಯಾಬ್ ಮುಟ್ಟಲು ಲೆಕ್ಕಕ್ಕೆ ಬರುತ್ತದೆ, ಆದರೆ 5% ಕಡಿತ ಉಳಿದ ಸಾಮಾನಿಗೆ ಮಾತ್ರ. ಇಲ್ಲದಿದ್ದರೆ ಒಂದೇ ಸಾಮಾನಿಗೆ ಎರಡು ಸಲ ಇಳಿಸಿದಂತಾಗುತ್ತದೆ. ಸ್ಟಾಕ್ ಕೂಡ ನೋಡಬೇಕು. ಬಣ್ಣ 30, ಕಾಗದ 30, ಕುಂಚ 8 ಇದ್ದರೆ ಕಾಂಬೋ ಇರುವುದು 8 ಮಾತ್ರ. ಅದನ್ನು ಬೇರೆ ಸರಕು ಅಂತ ನಮೂದಿಸಿ ಕೈಯಾರೆ 20 ಅಂತ ಬರೆದಿಟ್ಟರೆ, ಇಲ್ಲದ ಕುಂಚಕ್ಕೆ ದುಡ್ಡು ತಗೊಂಡಂತೆ.

ವಾಪಸಾತಿಯ ನಿಯಮವನ್ನು ಕಾರ್ಟ್‌ನಲ್ಲೇ ಬರೆದಿದ್ದೇನೆ. ಬಿಡಿ ಸಾಮಾನಿನ 820ರ ಆರ್ಡರ್‌ಗೆ 41 ಕಡಿತವಾಗಿ 779 ಕೊಟ್ಟವರು 250ರ ಒಂದು ಸಾಮಾನು ವಾಪಸ್ ಮಾಡಿದರೆ, ಅವರ ಬಳಿ ಉಳಿಯುವುದು 570ರ ಸಾಮಾನು. ಅದು ಸ್ಲ್ಯಾಬ್‌ಗಿಂತ ಕೆಳಗೆ, ಹಾಗಾಗಿ ವಾಪಸ್ ಕೊಡುವುದು 209. ಸಾಮಾನು ಹಾಳಾಗಿ ಬಂದಿದ್ದರೆ ಮಾತ್ರ ಈ ಕಡಿತ ಇಲ್ಲ, ಅದು ಅವರ ತಪ್ಪಲ್ಲ.

ಫಲ ತಿಳಿಯಲು ಒಂದು ವಾರ ಸ್ಲ್ಯಾಬ್, ಒಂದು ವಾರ ಇಲ್ಲ, ಹೀಗೆ ಅದಲು ಬದಲು ಮಾಡಿ ನೋಡುತ್ತೇನೆ. ಬರೀ ಸರಾಸರಿ ಮೊತ್ತ ನೋಡಿದರೆ ಮೋಸ ಹೋಗಬಹುದು. ಚಿಕ್ಕ ಆರ್ಡರ್‌ಗಳು ಬರುವುದೇ ನಿಂತರೂ ಸರಾಸರಿ ಏರುತ್ತದೆ. ಅಂಗಡಿಗೆ ಬಂದ ನೂರು ಜನಕ್ಕೆ ಕೈಗೆ ಉಳಿದದ್ದೆಷ್ಟು ಅನ್ನೋದೇ ನಾನು ನೋಡುವ ಅಂಕಿ. ಅದು ಸ್ಲ್ಯಾಬ್ ಇದ್ದ ವಾರಗಳಲ್ಲಿ ಮತ್ತೆ ಮತ್ತೆ ಮೇಲಿದ್ದರೆ ಮಾತ್ರ ಸ್ಲ್ಯಾಬ್ ಉಳಿಯುತ್ತದೆ. 800 ಕಾಯಂ ಆಗಿದೆ, 1200ರ ತಟ್ಟೆಯನ್ನು ಇನ್ನೂ ಅಳೆಯುತ್ತಿದ್ದೇನೆ.