ಮಳೆಗಾಲದ ಶೇಂಗಾ

ಹೋದ ವರ್ಷ ಪುನರ್ವಸು ಮಳೆ ಹಿಡಿದಾಗ ನಮ್ಮ ಮನೆಯಲ್ಲಿ ಎರಡು ಕೆಜಿ ಶೇಂಗಾ ಹಾಳಾಯ್ತು. ಬೇಸಿಗೆಯಲ್ಲಿ ತಂದಿದ್ದು. ಪ್ಲಾಸ್ಟಿಕ್ ಚೀಲದಲ್ಲೇ ಅಟ್ಟದ ಮೇಲೆ ಉಳಿದುಬಿಟ್ಟಿತ್ತು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ವಾರಗಟ್ಟಲೆ ಬಿಸಿಲಿಲ್ಲ, ಗೋಡೆಯೂ ಬೆವರುತ್ತದೆ.

ಮೊರಕ್ಕೆ ಸುರಿದು ನೋಡಿದೆ. ಕೆಲವು ಬೀಜದ ಮೇಲೆ ಹಳದಿ-ಹಸಿರು ಪುಡಿ. ಕೆಲವು ಮುರುಟಿ ಕಪ್ಪಾಗಿದ್ದವು. ಮೇಲೆ ಚೆನ್ನಾಗಿ ಕಂಡ ಒಂದನ್ನು ಎರಡು ಹೋಳು ಮಾಡಿದರೆ ನಡುವಿನ ಸಂದಿಯಲ್ಲೂ ಬೂಷ್ಟು.

"ಚೆನ್ನಾಗಿ ಹುರಿದ್ರೆ ಸರಿಹೋಗುತ್ತೆ ಅಲ್ವಾ ಅತ್ತೆ?" ಎಂದಳು ಸೊಸೆ. ಹೋಗುವುದಿಲ್ಲ. ಆ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹುರಿದರೆ ಬೂಷ್ಟು ಸಾಯುತ್ತದೆ, ವಿಷ ಸ್ವಲ್ಪ ಕಡಿಮೆಯಾದರೂ ಉಳಿಯುತ್ತದೆ. ತೊಳೆದು ಒರೆಸಿದರೂ ಅಷ್ಟೆ, ಅದು ಬೀಜದ ಒಳಗೆ ಇಳಿದಿರುತ್ತದೆ. ಗಾಣಕ್ಕೆ ಹಾಕಿಸೋಣ ಅನ್ನುವವರೂ ಇದ್ದಾರೆ. ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿದರೂ ಗಾಣದ ಎಣ್ಣೆಗೂ ಒಂದಿಷ್ಟು ಬರುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಲ್ಲೂ ವಿಷ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಮನೆಯಲ್ಲಿ ಹಾಲು ಕುಡಿಯುವವರು ಯಾರು? ಮಕ್ಕಳೇ ತಾನೆ.

ಮೊದಮೊದಲು ನಾಲ್ಕು ಕಾಳು ಆರಿಸಿ ಬಿಸಾಡಿ ಉಳಿದದ್ದು ಬಳಸುತ್ತಿದ್ದೆ. ಚೀಲದಲ್ಲಿ ಒಂದೋ ಎರಡೋ ಕೆಟ್ಟಿದ್ದರೆ ಆರಿಸುವುದು ಸರಿ. ವಿಷ ಹೆಚ್ಚಾಗಿ ಸುಕ್ಕಿದ, ಬಣ್ಣ ಕೆಟ್ಟ, ಒಡೆದ ಕಾಳಿನಲ್ಲೇ ಸೇರಿರುತ್ತದೆ. ಆದರೆ ಮುಷ್ಟಿಗೆ ಐದಾರು ಸಿಕ್ಕರೆ ಇಡೀ ಚೀಲ ಬಿಟ್ಟುಬಿಡಿ. ಬೂಷ್ಟು ಕಣ್ಣಿಗೆ ಬೀಳದ ಕಾಳಿನಲ್ಲೂ ವಿಷ ಇರಬಹುದು. ಕಹಿ ಬೀಜ ಬಾಯಿಗೆ ಬಂದರೆ ನುಂಗಬೇಡಿ, ಉಗುಳಿ. ಹಾಗಂತ ಕಹಿ ಇಲ್ಲದ್ದೆಲ್ಲ ಒಳ್ಳೆಯದು ಅಂತಲ್ಲ, ಈ ವಿಷಕ್ಕೆ ರುಚಿಯಿಲ್ಲ.

ಇದನ್ನು ತಿಂದ ದಿನ ವಾಂತಿ, ಭೇದಿ ಆಗಿದ್ದರೆ ಜನ ಎಚ್ಚರ ಆಗುತ್ತಿದ್ದರು. ಹಾಗೆ ಆಗುವುದು ತುಂಬಾ ಜಾಸ್ತಿ ಹೊಟ್ಟೆಗೆ ಹೋದಾಗ. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ನೆಂದು ಕೆಟ್ಟ ಜೋಳ, ಅಂದರೆ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ ನೂರರಷ್ಟು ಜನ ತೀರಿಹೋದರು. ಸ್ವಲ್ಪಸ್ವಲ್ಪ ತಿಂದವರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಲಿವರ್ ಆ ವಿಷವನ್ನು ಕರಗಿಸಲು ಹೋಗಿ ಇನ್ನೂ ಕೆಟ್ಟದ್ದನ್ನಾಗಿ ಮಾಡಿಕೊಳ್ಳುತ್ತದೆ. ಅದು ಅಲ್ಲಿನ ಜೀವಕೋಶಗಳ ಡಿಎನ್‌ಎಗೆ ಅಂಟಿಕೊಂಡು ಮುಂದೆ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಹೆಪಟೈಟಿಸ್ ಬಿ ಇರುವವರಿಗೆ ಈ ಅಪಾಯ ಹಲವು ಪಟ್ಟು. ಅದಕ್ಕೇ ಮೊಮ್ಮಗು ಹುಟ್ಟಿದ ದಿನವೇ ಆ ಲಸಿಕೆ ಹಾಕಿಸಿದೆವು.

ಈಗ ನಾನು ಮಾಡುವುದು ಇಷ್ಟು. ಮೇ ತಿಂಗಳ ಬಿಸಿಲಲ್ಲಿ ಶೇಂಗಾ ಚೆನ್ನಾಗಿ ಒಣಗಿಸುತ್ತೇನೆ. ಹಲ್ಲಿಗೆ ಕಟಕ್ ಅನ್ನಬೇಕು. ಪೂರಾ ತಣ್ಣಗಾದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬುತ್ತೇನೆ. ಬಿಸಿಯಿರುವಾಗ ತುಂಬಿದರೆ ಮುಚ್ಚಳದಲ್ಲಿ ನೀರು ಕಟ್ಟಿ ಕೆಲಸ ಕೆಡುತ್ತದೆ. ಡಬ್ಬಿಗೆ ಒದ್ದೆ ಕೈ ಹಾಕಬಾರದು. ಖಾಲಿಯಾದರೆ ಮಳೆಗಾಲದಲ್ಲಿ ಕಾಲು ಕೆಜಿಗಿಂತ ಜಾಸ್ತಿ ತರುವುದಿಲ್ಲ.

ಆ ಎರಡು ಕೆಜಿ? ಹಿತ್ತಿಲಲ್ಲಿ ಮೊಣಕಾಲುದ್ದ ಗುಂಡಿ ತೋಡಿಸಿ ಹೂಳಿಸಿದೆ. ಗೊಬ್ಬರಗುಂಡಿಗೆ ಹಾಕಿದ್ದರೆ ಕೋಳಿಗಳು ಕೆದಕಿ ತಿನ್ನುತ್ತಿದ್ದವು.